ಐದು ನಿಮಿಷ ಅಂದವರು ಎರಡೇ ನಿಮಿಷ ಕೊಟ್ಟರೆ?

ಪ್ರಶ್ನೆ: ನಾನು ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಫೈನಲ್ ಇಯರ್. ಕ್ಲಾಸಿಗೆ ಫಸ್ಟ್ ಬಂದಿದ್ದೀಯ, ಗ್ರ್ಯಾಜುಯೇಷನ್ ಡೇ ದಿನ ವ್ಯಾಲಿಡಿಕ್ಟರಿ ಸ್ಪೀಚ್ ನೀನೇ ಮಾಡು, ಐದು ನಿಮಿಷ ಅಂದಿದ್ದಾರೆ. ಏನು ಮಾತಾಡಲಿ? ಕನ್ನಡದಲ್ಲಾ, ಇಂಗ್ಲಿಷಿನಲ್ಲಾ? ನೆಟ್‌ನಲ್ಲಿ ಸಿಗೋದೆಲ್ಲ ಅಮೆರಿಕದವು.

ನಾನು ಬಾಗಲಕೋಟೆಯಲ್ಲಿ ಬಿಎಸ್ಸಿ ಮುಗಿಸುವಾಗ ಇದೇ ಮಾತು ಆಡಿ ಇಳಿದವಳು. ಈಗ ಬೇರೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗ್ರ್ಯಾಜುಯೇಷನ್ ಡೇ ಬಂತೆಂದರೆ ಟಾಪರ್ ಮಕ್ಕಳ ಹಾಳೆ ನೋಡೋ ಕೆಲಸ ನನ್ನ ತಲೆಗೇ ಬರುತ್ತದೆ. ಹೀಗಾಗಿ ಎರಡೂ ಕಡೆಯಿಂದ ನೋಡಿದ್ದೇನೆ.

ಅಮೆರಿಕದಲ್ಲಿ ಈ ಭಾಷಣ ಅಂದರೆ ಏನು, ನಮ್ಮಲ್ಲಿ ಅದು ಏನಾಗುತ್ತದೆ ಅಂತ ಮೊದಲು ಹೇಳುತ್ತೇನೆ. ಅಲ್ಲಿ ಎಷ್ಟೋ ಕಡೆ ಎರಡನೇ ಸ್ಥಾನ ಬಂದವರು ಸ್ವಾಗತದ ಮಾತು ಆಡುತ್ತಾರೆ, ಮೊದಲು ಬಂದವರು ಬೀಳ್ಕೊಡುಗೆಯ ಮಾತು ಆಡುತ್ತಾರೆ. ವ್ಯಾಲಿಡಿಕ್ಟರಿ ಅನ್ನೋದು ಲ್ಯಾಟಿನ್‌ನಿಂದ ಬಂದ ಪದ. ಅದರ ಮೂಲ ಅರ್ಥ 'ಹೋಗಿ ಬರ್ತೀವಿ' ಅಂತ ಹೇಳೋದು, ಅಷ್ಟೇ. ನಮ್ಮಲ್ಲಿ ಸೆಮಿನಾರು, ಕ್ಯಾಂಪುಗಳ ಕೊನೆಯ ದಿನಕ್ಕೂ ವ್ಯಾಲಿಡಿಕ್ಟರಿ ಅಂತಾರೆ, ಅದನ್ನು ಸಮಾರೋಪ ಅಂತ ಬರೆಯುತ್ತಾರೆ. ಆ ಪದ ತಲೆಯಲ್ಲಿ ಕೂತುಬಿಟ್ಟರೆ ಹುಡುಗರು ಮೂರು ವರ್ಷದ ವರದಿ ಒಪ್ಪಿಸೋಕೆ ಶುರು ಮಾಡುತ್ತಾರೆ. ಯಾವ ಕ್ರೀಡೆಯಲ್ಲಿ ಎಷ್ಟು ಬಹುಮಾನ, ಯಾವ ಎನ್ಎಸ್ಎಸ್ ಕ್ಯಾಂಪು ಎಲ್ಲಿ ನಡೆಯಿತು ಅನ್ನೋದೆಲ್ಲ ಪ್ರಿನ್ಸಿಪಾಲರ ವರದಿಯಲ್ಲೇ ಬಂದಿರುತ್ತದೆ. ನಿಮ್ಮ ಕೆಲಸ ಅದಲ್ಲ.

ವಂದನಾರ್ಪಣೆಯೂ ನಿಮ್ಮ ಕೆಲಸ ಅಲ್ಲ. ಅದಕ್ಕೆ ಬೇರೆ ಮೇಡಮ್ ಇರುತ್ತಾರೆ, ಅವರ ಕೈಯಲ್ಲಿ ಪಟ್ಟಿ ಇರುತ್ತದೆ. ನನ್ನ ಮೊದಲ ಕರಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ 9 ನಿಮಿಷ 40 ಸೆಕೆಂಡ್ ಆಗಿತ್ತು. ಅದರಲ್ಲಿ ನಾಲ್ಕು ನಿಮಿಷ ಬರೀ ಥ್ಯಾಂಕ್ಸ್. ವೇದಿಕೆ ಮೇಲೆ ಒಂಬತ್ತು ಜನ ಇದ್ದರು. ಒಬ್ಬೊಬ್ಬರ ಹೆಸರು, ಹುದ್ದೆ, 'ಸನ್ಮಾನ್ಯ' ಎಲ್ಲ ಸೇರಿ ಹತ್ತು ಸೆಕೆಂಡ್ ಹಿಡಿದರೂ ಒಂದೂವರೆ ನಿಮಿಷ ಅಲ್ಲೇ ಹೋಯಿತು, ಅಲ್ವಾ? ಹೆಸರು ಹೇಳೋದಾದರೆ ಎಲ್ಲರದೂ ಹೇಳಬೇಕು, ಒಬ್ಬರು ಬಿಟ್ಟರೂ ಮುಖ ಗಂಟಾಗುತ್ತದೆ. ಹಿಂದಿನ ವರ್ಷದ ಹಾಳೆ ನೋಡಿ ಬರೆದ ಒಬ್ಬ ಹುಡುಗ ನಿವೃತ್ತರಾಗಿ ಮನೆಯಲ್ಲಿದ್ದ ಪ್ರಿನ್ಸಿಪಾಲರಿಗೆ ವೇದಿಕೆಯಿಂದ ನಮಸ್ಕಾರ ಹೇಳಿದ್ದನ್ನು ನಾನೇ ಕೇಳಿದ್ದೇನೆ. 'ವೇದಿಕೆ ಮೇಲಿರುವ ಎಲ್ಲ ಹಿರಿಯರೇ, ಹಿಂದೆ ಕೂತಿರುವ ಅಪ್ಪ ಅವ್ವಂದಿರೇ, ಗೆಳೆಯರೇ' ಅಂದರೆ ಸಾಕು. ಸ್ವಾಗತ ಭಾಷಣದಲ್ಲಿ ಹೆಸರುಗಳೆಲ್ಲ ಬಂದಾಗಿರುತ್ತವೆ, ಯಾರೂ ತಪ್ಪು ತಿಳಿಯಲ್ಲ.

ಥ್ಯಾಂಕ್ಸ್ ತೆಗೆದ ಮೇಲೆ ಉಳಿಯೋದು ಏನು? ಇಡೀ ಕ್ಲಾಸಿಗೆ ಗೊತ್ತಿರುವ ಒಂದೇ ಒಂದು ಸಂಗತಿ ಹುಡುಕಿ. ನಿಮ್ಮ ರ‍್ಯಾಂಕಿನ ಕಥೆ ಬೇಡ. ನೀವು ಎಷ್ಟು ಗಂಟೆಗೆ ಎದ್ದು ಓದಿದಿರಿ ಅನ್ನೋದು ನಿಮ್ಮೊಬ್ಬರದು. ಅಲ್ಲಿ ನೀವು ನಿಂತಿರೋದು ಎಲ್ಲರ ಪರವಾಗಿ.

ನನಗೆ ಸಿಕ್ಕಿದ್ದು ಬಕೆಟ್. ನಮ್ಮ ಕೆಮಿಸ್ಟ್ರಿ ಲ್ಯಾಬ್ ಮೂರನೇ ಮಹಡಿಯಲ್ಲಿತ್ತು. ಬೇಸಿಗೆ ಬಂತೆಂದರೆ ಮಧ್ಯಾಹ್ನ ಅಲ್ಲಿಗೆ ನೀರು ಏರುತ್ತಲೇ ಇರಲಿಲ್ಲ. ಟೈಟ್ರೇಶನ್ ಮುಗಿದ ಮೇಲೆ ಬ್ಯೂರೆಟ್, ಪಿಪೆಟ್ ತೊಳೆಯೋಕೆ ನೀರಿಲ್ಲ. ಕೆಳಗಿನ ನಲ್ಲಿಯಿಂದ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸುತ್ತಿದ್ದೆವು. ಲ್ಯಾಬ್ ಅಟೆಂಡರ್ ಕಾಕಾ ಮೇಲಿನ ಮೆಟ್ಟಿಲಲ್ಲಿ ನಿಂತು 'ಅರ್ಧ ಚೆಲ್ಲಿ ತರಬ್ಯಾಡ್ರವಾ, ಮತ್ತ ಇಳೀಬೇಕಾಗತೈತಿ' ಅಂತ ಕೂಗುತ್ತಿದ್ದರು.

ಭಾಷಣದಲ್ಲಿ ನಾನು ಅಂದದ್ದು ಇಷ್ಟೇ: 'ಮೂರನೇ ಮಹಡಿ. ಮಧ್ಯಾಹ್ನ ಎರಡು ಗಂಟೆ. ಬಕೆಟ್.' ಮುಂದಿನ ಸಾಲುಗಳು ಹೋ ಅಂದವು. ಆದರೆ ಹಿಂದೆ ಕೂತ ಪಾಲಕರಿಗೆ ಏನೂ ತಿಳಿಯಲಿಲ್ಲ. ಅದಕ್ಕೇ ನಗು ಇಳಿದ ಮೇಲೆ ಎರಡು ವಾಕ್ಯದಲ್ಲಿ ಅವರಿಗೂ ವಿಷಯ ಹೇಳಿದೆ. ಆಗ ಹಿಂದಿನಿಂದ ಎರಡನೇ ನಗು ಬಂತು. ಈ ಕ್ರಮ ತಿರುಗಿಸಬೇಡಿ. ಮೊದಲೇ ವಿವರಿಸಿದರೆ ಗೆಳೆಯರ ನಗು ಸತ್ತುಹೋಗುತ್ತದೆ. ಇನ್ನೊಂದು ಮಾತು, ಇದನ್ನು ದೂರಿನ ಹಾಗೆ ಹೇಳಬಾರದು. ನಾನು ನೀರಿಲ್ಲ ಅಂತ ಗೋಳಾಡಲಿಲ್ಲ, ಕಾಕಾನ ಮಾತನ್ನು ಕಾಕಾನ ಧಾಟಿಯಲ್ಲೇ ಹೇಳಿದೆ. ಆಡಳಿತ ಮಂಡಳಿಯವರೂ ನಕ್ಕರು. ನೀರಿನ ಪೈಪು ಮುಂದೆ ಸರಿಯಾಯಿತೋ ಇಲ್ಲವೋ, ಅದು ಬೇರೆ ಕಥೆ.

ಇನ್ನು ಭಾಷೆ. ಅತಿಥಿಗಳು ಹೊರಗಿನವರು, ಇಂಗ್ಲಿಷಿನಲ್ಲೇ ಆಗಲಿ ಅಂತ ನನಗೂ ಹೇಳಿದ್ದರು. ಮೊದಲ ಅರ್ಧ ನಿಮಿಷ ಅತಿಥಿಗಳಿಗೆ ಇಂಗ್ಲಿಷಿನಲ್ಲಿ, ಉಳಿದದ್ದೆಲ್ಲ ಕನ್ನಡದಲ್ಲಿ ಅಂತ ಕೇಳಿಕೊಂಡೆ, ಒಪ್ಪಿದರು. ಹಾಲ್‌ನಲ್ಲಿ ಯಾರಿರುತ್ತಾರೆ ಅಂತ ಯೋಚಿಸಿ. ನಿಮ್ಮಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು. ನಮ್ಮಲ್ಲಿ ಮುಧೋಳ, ಜಮಖಂಡಿಯವರು, ಒಳ್ಳೆಯ ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದ ಅವ್ವಂದಿರು. ಎರಡು ತಾಸಿನಿಂದ ಅವರಿಗೆ ಅರ್ಥವಾಗುವ ಮಾತು ಮೈಕಿನಿಂದ ಜಾಸ್ತಿ ಬಂದಿರಲಿಲ್ಲ. ಪುಸ್ತಕದ ಕನ್ನಡ ಬೇಡ, ಮನೆಯ ಕನ್ನಡ ಸಾಕು. ಬೆಳಗಾವಿಯ ಕಾಲೇಜಾಗಿದ್ದರೆ ಮರಾಠಿಯಲ್ಲೂ ಒಂದು ವಾಕ್ಯ ಸೇರಿಸಿ ಅಂತಿದ್ದೆ.

ಈಗ ಮುಖ್ಯ ವಿಷಯ. ಐದು ನಿಮಿಷ ಅಂದಿದ್ದಾರಲ್ಲ, ಅದನ್ನು ನಂಬಬೇಡಿ. ನಮ್ಮ ದಿನ ಮುಖ್ಯ ಅತಿಥಿ ಒಂದೂವರೆ ತಾಸು ತಡವಾಗಿ ಬಂದರು. ನನ್ನ ಸರದಿ ಬರುವ ಹೊತ್ತಿಗೆ ನಿರೂಪಣೆ ಮಾಡುತ್ತಿದ್ದ ಜೂನಿಯರ್ ಹುಡುಗಿ ಒಂದು ಚೀಟಿ ತಂದು ಕೈಗಿಟ್ಟಳು. 'ಅಕ್ಕಾ, ಎರಡ ನಿಮಿಷದಾಗ ಮುಗಸ್ಬೇಕಂತ.' ಹೀಗಾದಾಗ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಐದು ನಿಮಿಷದ್ದನ್ನೇ ಎರಡು ನಿಮಿಷದಲ್ಲಿ ಓಡಿಸುತ್ತಾರೆ. ಯಾರಿಗೂ ಒಂದಕ್ಷರ ತಿಳಿಯಲ್ಲ.

ನಾನು ಪಾರಾದದ್ದು ಕಾರ್ಡುಗಳಿಂದ. ಹಳೇ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನೇ ಅಂಗೈ ಅಗಲಕ್ಕೆ ಕತ್ತರಿಸಿ ನಾಲ್ಕು ಕಾರ್ಡ್ ಮಾಡಿಕೊಂಡಿದ್ದೆ. ತೆಳು ಹಾಳೆ ವೇದಿಕೆಯ ಫ್ಯಾನಿಗೆ ಹಾರುತ್ತದೆ, ಕೈ ನಡುಗಿದರೆ ಮೈಕಿನಲ್ಲಿ ಸರಸರ ಸದ್ದು ಬರುತ್ತದೆ. ದಪ್ಪ ಕಾರ್ಡಿಗೆ ಅದೆಲ್ಲ ಇಲ್ಲ. ಮೊದಲನೆಯದರಲ್ಲಿ ನಮಸ್ಕಾರ ಮತ್ತು ಬಕೆಟ್. ಎರಡನೆಯದು ಮೇಷ್ಟ್ರುಗಳ ಬಗ್ಗೆ, ಮೂರನೆಯದು ಹಾಸ್ಟೆಲ್ ಬಗ್ಗೆ. ನಾಲ್ಕನೆಯದು ಪಾಲಕರು ಮತ್ತು ಬೀಳ್ಕೊಡುಗೆ. ಒಂದು ಮತ್ತು ನಾಲ್ಕು ಇರಲೇಬೇಕು, ನಡುವಿನವು ಹೋದರೂ ನಷ್ಟ ಇಲ್ಲ. ಚೀಟಿ ನೋಡಿದ ಕೂಡಲೇ ಎರಡು, ಮೂರನ್ನು ಕೆಳಗಿಟ್ಟು ಮೇಲೆ ಹೋದೆ.

ಹೀಗೆ ಬಿಡೋಕೆ ಬರಬೇಕು ಅಂದರೆ ಬರೆಯುವಾಗಲೇ ಒಂದು ಎಚ್ಚರ ಬೇಕು. ಯಾವ ಕಾರ್ಡಿನ ಮೊದಲ ವಾಕ್ಯವೂ ಹಿಂದಿನ ಕಾರ್ಡಿಗೆ ಒರಗಬಾರದು. 'ಇದರ ಜೊತೆಗೆ', 'ಮೊದಲೇ ಹೇಳಿದ ಹಾಗೆ', 'ಅಷ್ಟೇ ಅಲ್ಲ' ಅಂತ ಶುರುವಾಗುವ ಕಾರ್ಡಿನ ಹಿಂದಿನದನ್ನು ತೆಗೆದರೆ ಅಲ್ಲೇ ಎಡವುತ್ತೀರಿ. ಮನೆಯಲ್ಲಿ 1-2-3-4 ಓದಿ, ಆಮೇಲೆ 1-4, ಆಮೇಲೆ 1-3-4 ಓದಿ ನೋಡಿ. ಎಲ್ಲಿ ತಡವರಿಸುತ್ತೀರೋ ಆ ವಾಕ್ಯ ಬದಲಿಸಿ. ಉದ್ದದ ಲೆಕ್ಕ ಬೇಕಾದರೆ, ನಿಧಾನ ಓದಿದರೆ ನನಗೆ ನಿಮಿಷಕ್ಕೆ ಸುಮಾರು 90 ಕನ್ನಡ ಪದ ಆಗುತ್ತಿತ್ತು. ನಗು, ಚಪ್ಪಾಳೆಗೂ ಜಾಗ ಬೇಕಲ್ಲ, ಹಾಗಾಗಿ ಐದು ನಿಮಿಷಕ್ಕೆ 400 ಪದ ದಾಟಬೇಡಿ.

ನಾಲ್ಕನೇ ಕಾರ್ಡಿನಲ್ಲಿ ನಾನೊಂದು ತಪ್ಪು ಮಾಡುವುದರಲ್ಲಿದ್ದೆ. ಗೌನು ಹಾಕಿದವರು ಮುಂದೆ ಕೂತಿರುತ್ತಾರೆ, ಮನೆಯವರು ಹಿಂದೆ. 'ಎಲ್ಲರೂ ಒಂದ್ಸಲ ತಿರುಗಿ ನಿಮ್ಮ ಅಪ್ಪ ಅವ್ವನ್ನ ನೋಡಿ' ಅಂತ ಬರೆದಿದ್ದೆ. ಹಿಂದಿನ ಸಂಜೆ ಖಾಲಿ ಹಾಲ್‌ನಲ್ಲಿ ಅದನ್ನು ಓದಿದಾಗ ನನ್ನ ಪಕ್ಕದ ಬೆಂಚಿನ ಗೆಳತಿ ಎದ್ದು ಹೊರಗೆ ಹೋದಳು. ಅವಳ ಅಪ್ಪ ನಾವು ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡಿದ್ದರು. ನನಗೆ ಗೊತ್ತಿದ್ದ ವಿಷಯವೇ. ಬರೆಯುವಾಗ ನೆನಪಾಗಿರಲಿಲ್ಲ, ಅಷ್ಟೇ. ರಾತ್ರಿ ಆ ವಾಕ್ಯ ಹೊಡೆದು ಹೀಗೆ ಬರೆದೆ: 'ಒಂದ್ಸಲ ಹಿಂದಿನ ಸಾಲುಗಳ ಕಡೆ ತಿರುಗಿ ನೋಡೋಣ. ಬಂದವರಿಗೆ, ಬರೋಕೆ ಆಗದವರಿಗೆ, ಇಬ್ಬರಿಗೂ ಸೇರಿ ಒಂದು ಚಪ್ಪಾಳೆ.' ಮಾರನೇ ದಿನ ಅವಳು ತಿರುಗಿ ನಿಂತು ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಅವಳ ಅವ್ವ ಮತ್ತು ಸೋದರಮಾವ ಬಂದಿದ್ದರು.

ನೀವೂ ಇಂಥದ್ದು ಮಾಡುವುದಾದರೆ ಕೊನೆಗೇ ಇಟ್ಟುಕೊಳ್ಳಿ. ಒಮ್ಮೆ ಎದ್ದು ತಿರುಗಿದ ಜನ ಮತ್ತೆ ಕೂತು ಸುಮ್ಮನಾಗೋಕೆ ಅರ್ಧ ನಿಮಿಷ ಹಿಡಿಯುತ್ತದೆ. ಆಮೇಲೆ ಒಂದೇ ವಾಕ್ಯ ಇರಬೇಕು. ನಮ್ಮ ಕಡೆ ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಅನ್ನಲ್ಲವಲ್ಲ. ನಾನು ಅಟೆಂಡರ್ ಕಾಕಾ ನಿಂತಿದ್ದ ಬಾಗಿಲ ಕಡೆ ನೋಡಿ 'ಹೋಗಿ ಬರ್ತೀವ್ರೀ' ಅಂದು ಇಳಿದುಬಿಟ್ಟೆ. 'ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ' ಅನ್ನೋದು ದಯವಿಟ್ಟು ಬೇಡ.

ಮೈಕಿನ ಬಗ್ಗೆ ಸ್ವಲ್ಪ. ಬಾಯಿಂದ ನಾಲ್ಕು ಬೆರಳು ದೂರ ಇರಲಿ, ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ. ಇಲ್ಲದಿದ್ದರೆ ಪ, ಬ, ಫ ಬಂದಾಗಲೆಲ್ಲ ಗಾಳಿ ನುಗ್ಗಿ ಢಬ್ ಅನ್ನುತ್ತದೆ. ಪ್ರಿನ್ಸಿಪಾಲರು, ಪಾಲಕರು, ಪದವಿ, ನೋಡಿ ನಮ್ಮ ಪದಗಳೆಲ್ಲ ಪಕಾರವೇ. ಕೈಮೈಕಾದರೆ ಮೇಲಿನ ಜಾಲರಿಯನ್ನು ಮುಚ್ಚಿ ಹಿಡಿಯಬೇಡಿ, ಕುಂಯ್ ಅಂತ ಕೂಗೋಕೆ ಶುರುವಾಗುತ್ತದೆ. ದೊಡ್ಡ ಖಾಲಿ ಗೋಡೆಯ ಹಾಲ್ ಆದರೆ ನಿಮ್ಮ ಮಾತೇ ನಿಮಗೆ ತಿರುಗಿ ಕೇಳುತ್ತದೆ. ಗೋಳಗುಮ್ಮಟದ ಊರಿನವರಿಗೆ ಇದನ್ನು ನಾನೇನು ಹೇಳೋದು! ವಾಕ್ಯ ಮುಗಿದ ಮೇಲೆ ಆ ಸದ್ದು ಆರುವ ತನಕ ನಿಲ್ಲಿ. ಹಿಂದಿನ ದಿನವೇ ಒಬ್ಬ ಗೆಳೆಯನನ್ನು ಕಡೇ ಸಾಲಿನಲ್ಲಿ ನಿಲ್ಲಿಸಿ ಕೇಳಿಸುತ್ತಾ ಅಂತ ನೋಡಿ. ಆದರೆ ಜನ ತುಂಬಿದಾಗ ಪ್ರತಿಧ್ವನಿ ಕಡಿಮೆಯಾಗುತ್ತದೆ, ಖಾಲಿ ಹಾಲ್ ನೋಡಿ ಹೆದರಬೇಡಿ.

ಅಂದಹಾಗೆ, ಬಾಡಿಗೆಗೆ ತರೋ ಗೌನಿಗೆ ಎಷ್ಟೋ ಸಲ ಜೇಬು ಇರಲ್ಲ. ಕಾರ್ಡುಗಳನ್ನು ಎಲ್ಲಿಟ್ಟುಕೊಳ್ಳುತ್ತೀರಿ ಅಂತ ಈಗಲೇ ನೋಡಿಕೊಳ್ಳಿ. ನಾನು ಟೋಪಿಯೊಳಗೆ ಇಟ್ಟು, ಅತಿಥಿಗಳಿಗೆ ನಮಸ್ಕಾರ ಮಾಡುವಾಗ ಅರ್ಧ ಬೀಳಿಸಿದ್ದೆ.