ಮ್ಯಾನೇಜರ್ ಉತ್ತರಿಸದಿದ್ದಾಗ ಅವರ ಮೇಲಿನವರಿಗೆ ಬರೆದ ಒಂದು ಮೇಲ್

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಹೆಚ್ಚಾಗಿ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಂದ. ಮ್ಯಾನೇಜರ್ ಉತ್ತರ ಕೊಡುತ್ತಿಲ್ಲ, ಕೆಲಸ ನಿಂತಿದೆ. ಅವರ ಮೇಲಿನವರಿಗೆ ಬರೆದರೆ ‘ಬೆನ್ನಿಗೆ ಚೂರಿ ಹಾಕಿದಳು’ ಅಂತ ಹೆಸರು ಬರುತ್ತದಾ? ಬರೆಯದಿದ್ದರೆ ನಾಳೆ ತಪ್ಪು ತನ್ನ ತಲೆಗೇ ಬರುತ್ತದಾ?

ಲತಾ (ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ) ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಏಳನೇ ತಿಂಗಳ ಗರ್ಭಿಣಿ. ಜೂನ್ 8ರಿಂದ ಹೆರಿಗೆ ರಜೆ. ಕಂಪನಿಯ ಲೆಕ್ಕವನ್ನೂ ಬ್ಯಾಂಕಿನ ಲೆಕ್ಕವನ್ನೂ ತಾಳೆ ನೋಡುವ ಪ್ರೋಗ್ರಾಂ ಅವರ ಜವಾಬ್ದಾರಿ. ಅದರ ಒಳಹೊರಗು ಪೂರ್ತಿ ಗೊತ್ತಿದ್ದದ್ದು ಅವರೊಬ್ಬರಿಗೇ. ಕೆಟಿ ಕೊಡಬೇಕು, ಅಂದರೆ ರಜೆಗೆ ಮುಂಚೆ ಆ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿ ಒಪ್ಪಿಸಬೇಕು, ಆದರೆ ಯಾರಿಗೆ ಅಂತ ಮ್ಯಾನೇಜರ್ ಹೇಳುತ್ತಲೇ ಇಲ್ಲ. ರಜೆ ಮಂಜೂರಾಗಿತ್ತು, ಅದರ ಬಗ್ಗೆ ತಕರಾರಿರಲಿಲ್ಲ. ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಸಿಗುತ್ತದೆ, ಅದರಲ್ಲಿ ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು. ಲತಾಗೆ ಭಯ ಇದ್ದದ್ದು ಬೇರೆ: ‘ಆಸ್ಪತ್ರೆಯಲ್ಲಿರುವಾಗಲೂ ಫೋನ್ ಬರುತ್ತೆ ಮೇಡಂ.’

ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಮೇಲ್ ಬರೆಸುವುದು ಆಪ್ತಸಲಹೆಯ ಕೆಲಸವೇ ಅಲ್ಲ ಅಂತ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿದ್ದೆ ಕೆಡಿಸುತ್ತಿರುವುದು ಕಳಿಸದೇ ಉಳಿದ ಒಂದು ಮೇಲ್ ಆಗಿದ್ದರೆ, ಆ ಮೇಲ್ ಬಗ್ಗೆಯೇ ಮಾತಾಡಬೇಕು. ಕೆಲಸದ ತೊಂದರೆ ಹಾಗೇ ಇರುವಾಗ ಮನಸ್ಸನ್ನಷ್ಟೇ ಸಮಾಧಾನ ಮಾಡಲು ಹೋದರೆ, ‘ತೊಂದರೆ ಇರೋದು ನಿನ್ನಲ್ಲೇ’ ಅಂತ ಹೇಳಿದ ಹಾಗಾಗುತ್ತದೆ.

ಎರಡನೇ ಸಲ ಬಂದಾಗ ಲತಾ ಡೈರೆಕ್ಟರ್‌ಗೆ ಬರೆದ ಕರಡು ತಂದಿದ್ದರು. ಎರಡು ಪುಟ. ಯಾವ ಮೀಟಿಂಗ್ ರದ್ದಾಯಿತು, ಎಷ್ಟು ಮೆಸೇಜಿಗೆ ಉತ್ತರ ಬರಲಿಲ್ಲ, ಕಳೆದ ವರ್ಷ ಇನ್ನೊಬ್ಬರಿಗೂ ಹೀಗೇ ಆಗಿತ್ತು, ಎಲ್ಲ ಇತ್ತು. ‘ನಿಷ್ಠೆ’ ಅನ್ನುವ ಮಾತು ಮೂರು ಕಡೆ: ‘ನನಗೆ ಅವರ ಮೇಲೆ ತುಂಬ ಗೌರವವಿದೆ, ಆದರೂ...’ ಅನ್ನುವ ಧಾಟಿಯಲ್ಲಿ. ಕೊನೆಯ ಸಾಲು: ‘ದಯವಿಟ್ಟು ಇದನ್ನು ನಮ್ಮಿಬ್ಬರ ನಡುವೆಯೇ ಇಡಿ.’

ಪೆನ್ನು ಕೊಟ್ಟು ಕೇಳಿದೆ: ‘ನಿಮ್ಮ ಮ್ಯಾನೇಜರ್ ಇಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ಜೋರಾಗಿ ಓದಿ. ಯಾವ ಸಾಲು ಓದೋಕೆ ಆಗಲ್ವೋ ಅದನ್ನು ಹೊಡೆದು ಹಾಕಿ.’

ಓದುತ್ತಾ ಹೋದರು. ಮೊದಲ ಪುಟದಲ್ಲಿ ಹೆಚ್ಚುಕಮ್ಮಿ ಎಲ್ಲ ಹೋಯಿತು. ಗೌರವದ ಸಾಲುಗಳನ್ನೂ ಹೊಡೆದರು. ‘ಇದನ್ನ ಅವರ ಎದುರು ಹೇಳಿದ್ರೆ ಅವರೇ ನಗ್ತಾರೆ’ ಅಂದರು. ಎರಡನೇ ಪುಟದ ಮಧ್ಯದಲ್ಲಿ ಒಂದು ಸಾಲು ಉಳಿಯಿತು: ‘ತಿಂಗಳ ಕೊನೆಯ ಲೆಕ್ಕದ ರನ್ ನಾನು ರಜೆ ಹೋಗುವ ಮುಂಚೆ ಇನ್ನೊಂದೇ ಸಲ ನಡೆಯುತ್ತದೆ.’

ಅಲ್ಲಿ ನಿಂತರು. ‘ಮೇಡಂ, ಇದನ್ನ ನಾನು ಮ್ಯಾನೇಜರ್‌ಗೇ ಹೇಳಿಲ್ಲ.’

ಫೋನ್ ತೆಗೆದು ಹಳೆಯ ಮೆಸೇಜುಗಳನ್ನು ತೋರಿಸಿದರು. ‘ಕೆಟಿ ಬಗ್ಗೆ ಮಾತಾಡಬೇಕಿತ್ತು, ಯಾವಾಗ ಫ್ರೀ ಇರ್ತೀರ?’ ‘ರಿಮೈಂಡರ್.’ ‘ಜೆಂಟಲ್ ರಿಮೈಂಡರ್.’ ಯಾವುದರಲ್ಲೂ ತಾರೀಖಿಲ್ಲ. ಮೇ 31ರ ರಾತ್ರಿಯ ರನ್‌ನಲ್ಲಿ ಹೊಸಬರು ಲತಾ ಪಕ್ಕ ಕೂರದಿದ್ದರೆ, ಜೂನ್ ಕೊನೆಯಲ್ಲಿ ಅದನ್ನು ಒಮ್ಮೆಯೂ ನೋಡಿರದವರು ನಡೆಸಬೇಕಾಗುತ್ತದೆ ಅನ್ನುವ ಮಾತು ಎಲ್ಲೂ ಇರಲಿಲ್ಲ. ಮ್ಯಾನೇಜರ್ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಉತ್ತರ ಕೊಡುವುದು ಅವರ ಕೆಲಸ. ಆದರೆ ‘ಮಾತಾಡಬೇಕಿತ್ತು’ ಅನ್ನುವ ಮೆಸೇಜನ್ನು ತಲೆ ತುಂಬ ಕೆಲಸ ಇರುವವರು ನಾಳೆಗೆ ತಳ್ಳುತ್ತಾರೆ. ಒಂದು ಹೆಸರು, ಒಂದು ತಾರೀಖು ಕೇಳಿದರೆ ತಳ್ಳುವುದು ಕಷ್ಟ.

ಅದಕ್ಕೇ ಮೊದಲ ಮೇಲ್ ಡೈರೆಕ್ಟರ್‌ಗೆ ಬೇಡ, ಮ್ಯಾನೇಜರ್‌ಗೇ ಹೋಗಲಿ ಅಂದೆ. ಅದರಲ್ಲಿ ಮೇ 31ರ ವಿಷಯ, ಲತಾಗೆ ಸರಿ ಅನ್ನಿಸಿದ ಒಬ್ಬರ ಹೆಸರು, ಮತ್ತು ಮುಂದೆ ಏನು ಮಾಡುತ್ತೇನೆ ಅನ್ನುವ ಮಾತು ಇರಬೇಕು: ‘ಗುರುವಾರದೊಳಗೆ ತಿಳಿಸಿದರೆ ಸೋಮವಾರ ಶುರು ಮಾಡುತ್ತೇನೆ. ನಿಮಗೆ ಪುರುಸೊತ್ತಾಗದಿದ್ದರೆ ಶುಕ್ರವಾರ ನಿಮ್ಮನ್ನು ಸಿಸಿಯಲ್ಲಿಟ್ಟು ಡೈರೆಕ್ಟರ್ ಅವರನ್ನು ಕೇಳುತ್ತೇನೆ.’

ಈ ಕೊನೆಯ ವಾಕ್ಯಕ್ಕೆ ಲತಾ ಬಹಳ ಹೆದರಿದರು. ಬೆದರಿಕೆ ಹಾಕಿದ ಹಾಗಲ್ವಾ ಅಂತ ಕೇಳಿದರು. ನನ್ನ ಪ್ರಕಾರ ಇಡೀ ಸಲಹೆಯಲ್ಲಿ ಬಿಡಲೇಬಾರದ ವಾಕ್ಯ ಅದು. ಮೇಲಿನವರಿಗೆ ಬರೆದದ್ದಕ್ಕಿಂತ, ತನಗೆ ಗೊತ್ತಾಗದ ಹಾಗೆ ಬರೆದದ್ದು ಮ್ಯಾನೇಜರ್‌ಗೆ ಜಾಸ್ತಿ ನೋವು ಕೊಡುತ್ತದೆ. ಮುಂಚೆಯೇ ಹೇಳಿದರೆ ತಾವೇ ಮುಗಿಸಿಬಿಡುವ ಅವಕಾಶ ಅವರಿಗೆ ಉಳಿಯುತ್ತದೆ. ಬಿಸಿಸಿ ಅಂತೂ ಬೇಡವೇ ಬೇಡ. ಡೈರೆಕ್ಟರ್ ಅದೇ ಮೇಲನ್ನು ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಿ ‘ಏನಿದು?’ ಅಂತ ಕೇಳುವುದೇ ಜಾಸ್ತಿ. ‘ನಮ್ಮಿಬ್ಬರ ನಡುವೆ’ ಅನ್ನುವ ಸಾಲು ಆಗ ಎಷ್ಟು ಕೆಟ್ಟದಾಗಿ ಕಾಣುತ್ತದೆ ಅಂತ ಯೋಚಿಸಿ.

ಗುರುವಾರ ಉತ್ತರ ಬರಲಿಲ್ಲ. ಶುಕ್ರವಾರ ಬೆಳಗ್ಗೆ ಹೋದ ಮೇಲ್ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೀಗೆ:

‘ಜೂನ್ 8ರಿಂದ ನನಗೆ ಹೆರಿಗೆ ರಜೆ. ಅದಕ್ಕೆ ಮುಂಚಿನ ಕೊನೆಯ ತಿಂಗಳ ರನ್ ಮೇ 31ಕ್ಕೆ. ಕೆಲಸ ವಹಿಸಿಕೊಳ್ಳುವವರು ಅದನ್ನು ನನ್ನ ಜೊತೆ ನಡೆಸಬೇಕು. ಅದಕ್ಕೆ ಮೇ 18ಕ್ಕೆ ಕೆಟಿ ಶುರುವಾಗಬೇಕು. ನಾನು ಸೂಚಿಸಿರುವ ಹೆಸರು ಕೆಳಗಿದೆ. ಈ ವಾರ ಕ್ಲೈಂಟ್ ಭೇಟಿಯ ಕೆಲಸದಲ್ಲಿ ನನ್ನ ಮ್ಯಾನೇಜರ್‌ಗೆ ಬಿಡುವಿಲ್ಲ. ನಿಮಗೆ ಬರೆಯುವ ವಿಷಯ ಅವರಿಗೆ ತಿಳಿಸಿದ್ದೇನೆ, ಸಿಸಿಯಲ್ಲಿದ್ದಾರೆ. ಈ ಹೆಸರು ನಿಮ್ಮಿಬ್ಬರಿಗೆ ಒಪ್ಪಿಗೆಯೇ?’

ಗೌರವ, ನಿಷ್ಠೆ ಅನ್ನುವ ಮಾತೇ ಇಲ್ಲ. ಉತ್ತರ ಬಂದಿಲ್ಲ ಅನ್ನುವ ದೂರೂ ಇಲ್ಲ. ಕ್ಲೈಂಟ್ ಭೇಟಿಯ ಮಾತು ಸೇರಿಸಿದ್ದು ಲತಾ. ಅದು ನಿಜವಾಗಿದ್ದರಿಂದ ಇರಲಿ ಅಂದೆ. ಸುಳ್ಳು ನೆಪವಾಗಿದ್ದರೆ ತೆಗೆಸುತ್ತಿದ್ದೆ. ಕೊನೆಯಲ್ಲಿ ‘ನಿಮ್ಮಿಬ್ಬರಿಗೆ’ ಅಂತ ಕೇಳಿದ್ದರಿಂದ ತೀರ್ಮಾನ ಮ್ಯಾನೇಜರ್ ಕೈತಪ್ಪಲಿಲ್ಲ.

ಡೈರೆಕ್ಟರ್ ಮ್ಯಾನೇಜರ್‌ಗೆ ಒಂದೇ ಸಾಲು ಬರೆದರು: ಮಂಗಳವಾರದೊಳಗೆ ಮುಗಿಸಿ. ಮಂಗಳವಾರ ಹೆಸರು ಬಂತು, ಲತಾ ಸೂಚಿಸಿದ್ದಲ್ಲ, ಬೇರೆಯವರದು. ಮ್ಯಾನೇಜರ್ ಸ್ವಲ್ಪ ದಿನ ಬಿಗುವಾಗಿದ್ದರು. ‘ನೇರವಾಗಿ ಫೋನ್ ಮಾಡಬಹುದಿತ್ತಲ್ಲ’ ಅಂತ ಕೇಳಿದರಂತೆ. ಅದಕ್ಕೂ ತಯಾರಾಗಿಯೇ ಇದ್ದೆವು. ‘ಮೇ 31 ತಪ್ಪಿಹೋಗುತ್ತೆ ಅಂತ ಬರೆದೆ. ಮುಂದಿನ ಸಲ ಇಂಥದ್ದಕ್ಕೆ ಫೋನ್ ಮಾಡಲಾ?’ ಅಂತ ಕೇಳಿ, ಕ್ಷಮೆ ಕೇಳಬೇಡಿ ಅಂದಿದ್ದೆ. ಹಾಗೇ ಕೇಳಿದರು. ಮಾಡಿ ಅಂದರಂತೆ. ಮೇ 31ರ ರಾತ್ರಿ ಹೊಸಬರೇ ರನ್ ನಡೆಸಿದರು, ಲತಾ ಪಕ್ಕದಲ್ಲಿ ಕೂತಿದ್ದರು.

ಈ ದಾರಿ ನಿಂತುಹೋದ ಕೆಲಸಕ್ಕೆ ಮಾತ್ರ. ಮ್ಯಾನೇಜರ್ ಅವಮಾನ ಮಾಡುತ್ತಿದ್ದರೆ, ಸುಳ್ಳು ಲೆಕ್ಕ ಬರೆಸುತ್ತಿದ್ದರೆ ಅವರಿಗೆ ಮುಂಚೆ ತಿಳಿಸುವುದೂ ಬೇಡ, ಸಿಸಿಯೂ ಬೇಡ. ಸಾಕ್ಷಿ ಜೋಪಾನ ಮಾಡಿ ಎಚ್‌ಆರ್ ಅಥವಾ ಕಂಪನಿಯ ದೂರು ವ್ಯವಸ್ಥೆಗೆ ಹೋಗಿ. ಲೈಂಗಿಕ ಕಿರುಕುಳವಾದರೆ 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಅಲ್ಲಿಗೆ ಲಿಖಿತ ದೂರು ಕೊಡಬೇಕು. ತಡವಾಗಲು ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಧಿ ವಿಸ್ತರಿಸಬಹುದು.