ರೀಸೆಟ್ ಮಾಡಿದ ಹಳೇ ಫೋನ್
2013ರ ಆಂಡ್ರಾಯ್ಡ್ 4.3 ಫೋನ್ ಮಾರಬೇಕು. ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಾಕಲ್ವಾ?

ಸಾಲದು. ಆ ಕಾಲದ ಎಷ್ಟೋ ಫೋನುಗಳಲ್ಲಿ ರೀಸೆಟ್ ಅಂದರೆ ಪುಸ್ತಕದ ಪರಿವಿಡಿ ಹರಿದು ಹಾಕಿದಂತೆ, ಒಳಗಿನ ಪುಟಗಳು ಹಾಗೇ ಇರುತ್ತವೆ. ಅದೇ ಜಾಗಕ್ಕೆ ಹೊಸ ಡೇಟಾ ಬಂದು ಕೂರುವವರೆಗೂ ಹಳೆಯದನ್ನು ಎತ್ತಬಹುದು. 2015ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು 21 ಸೆಕೆಂಡ್ ಹ್ಯಾಂಡ್ ಫೋನ್ ಪರೀಕ್ಷಿಸಿದಾಗ ರೀಸೆಟ್ ಆದ ಮೇಲೂ ಮೆಸೇಜುಗಳು, ಪಾಸ್‌ವರ್ಡ್ ಇಲ್ಲದೆಯೇ ಖಾತೆಗೆ ನುಗ್ಗಲು ಬಿಡುವ ಗೂಗಲ್ ಲಾಗಿನ್ ಟೋಕನ್‌ಗಳು ಸಿಕ್ಕವು.

ಫೋನ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಡೇಟಾ ಕೀಲಿಯಿಲ್ಲದೆ ಓದಲಾಗದ ಗುಪ್ತ ರೂಪದಲ್ಲಿದ್ದರೆ, ಕಥೆಯೇ ಬೇರೆ. ರೀಸೆಟ್ ಕೀಲಿಯನ್ನು ಅಳಿಸುತ್ತದೆ. ಆಮೇಲೆ ಏನು ಸಿಕ್ಕರೂ ಬರೀ ಕಲಸುಮೇಲೋಗರ. ಹಾಗಾಗಿ ಮೊದಲು ಸ್ಕ್ರೀನ್ ಲಾಕ್‌ಗೆ ಉದ್ದನೆಯ ಪಾಸ್‌ವರ್ಡ್ ಇಡಿ. ಹಳೇ ಫೋನಿನಲ್ಲಿ ರೀಸೆಟ್ ಆದ ಮೇಲೂ ಕೀಲಿ ಉಳಿದುಬಿಡಬಹುದು, ಆಗ ಅದನ್ನು ಕಾಯುವುದು ಈ ಪಾಸ್‌ವರ್ಡೇ. ನಾಲ್ಕಂಕಿಯ ಪಿನ್ ಆದರೆ ಸುಲಭವಾಗಿ ಊಹಿಸಿಬಿಡುತ್ತಾರೆ. ಚಾರ್ಜರ್ ಹಾಕಿ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ `Encrypt phone` ಒತ್ತಿ. ಗಂಟೆಗಟ್ಟಲೆ ಹಿಡಿದೀತು, ಮಧ್ಯೆ ನಿಲ್ಲಿಸಬೇಡಿ. ಆಮೇಲೆ ರೀಸೆಟ್ ಮಾಡಿ. ಮೆಮೊರಿ ಕಾರ್ಡ್ ಮಾತ್ರ ಸುಮ್ನೆ ತೆಗೆದಿಟ್ಟುಕೊಳ್ಳಿ.