ಇರುವ ರಜೆಯನ್ನೆಲ್ಲ ಈಗಲೇ ಖರ್ಚು ಮಾಡಬೇಡ

"ಅಕ್ಕಾ, ನಾನು ವಿಜಯಪುರದವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ಬಿಪಿ ಏರಿ ಹೆಂಡತಿಗೆ 32 ವಾರಕ್ಕೇ ಸಿಸೇರಿಯನ್ ಆಯಿತು, ತುಂಬಾ ರಕ್ತ ಹೋಗಿ ಐಸಿಯುನಲ್ಲಿದ್ದಾಳೆ. ಒಂದೂವರೆ ಕೆ.ಜಿ. ಮಗು ಎನ್‌ಐಸಿಯುನಲ್ಲಿದೆ. ಆಫೀಸಿನಲ್ಲಿ ಅಪ್ಪಂದಿರಿಗೆ 5 ದಿನ ರಜೆ, ನನ್ನ ಗಳಿಕೆ ರಜೆ 18 ಇದೆ. ಮ್ಯಾನೇಜರ್ 'ಮಗುವನ್ನು ಡಾಕ್ಟರ್ ನೋಡ್ತಾರೆ, ನೀನೇನು ಮಾಡ್ತೀಯಾ' ಅಂತಾರೆ. ಒಂದೇ ಸಲ 23 ದಿನ ಕೇಳಲಾ?"

ಬೇಡ ತಮ್ಮಾ. ನನ್ನ ತಂಗಿಯ ಗಂಡ ಹಾಗೇ ಮಾಡಿದ. ರಜೆಯೆಲ್ಲ ಎನ್‌ಐಸಿಯು ಹೊರಗಿನ ಬೆಂಚಿನ ಮೇಲೆ ಮುಗಿಯಿತು. ಮಗು ಮನೆಗೆ ಬಂದ ಮಾರನೇ ದಿನ ಅವನು ಡ್ಯೂಟಿಗೆ ಹೋದ. ಹೊಲಿಗೆ ಇನ್ನೂ ನೋಯುತ್ತಿದ್ದ ತಂಗಿ ಎರಡೆರಡು ಗಂಟೆಗೆ ಒಬ್ಬಳೇ ಎದ್ದು ಹಾಲು ಕುಡಿಸಬೇಕಾಯಿತು.

32 ವಾರದ ಮಗು ತಾನೇ ಹಾಲು ಕುಡಿದು, ಮೈ ಬಿಸಿ ಉಳಿಸಿಕೊಂಡು, ತೂಕ ಏರುತ್ತಾ ಹೋಗುವವರೆಗೆ ಡಿಸ್ಚಾರ್ಜ್ ಮಾಡುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಕೆಲವು ವಾರ ಬೇಕು. ಉಸಿರಾಟದ ತೊಂದರೆಯೋ ಸೋಂಕೋ ಆದರೆ ಇನ್ನೂ ಜಾಸ್ತಿ. ಹಾಗಾಗಿ ರಜೆಯನ್ನು ಎರಡು ತುಂಡು ಮಾಡು. ಆ 5 ದಿನದ ಜೊತೆ ಗಳಿಕೆ ರಜೆಯ 2 ದಿನ ಸೇರಿಸಿ ಈಗ ತಗೋ. ಹೆಂಡತಿ ಐಸಿಯುನಲ್ಲಿ ಇರುವಷ್ಟು ದಿನ ರಕ್ತ ಕೊಡಿಸಲು, ಮಗುವಿನ ಚಿಕಿತ್ಸೆಗೆ ಸಹಿ ಹಾಕಲು ನೀನೇ ಬೇಕು. ಆಕೆ ವಾರ್ಡಿಗೆ ಬಂದ ಮೇಲೆ ಕೆಲಸಕ್ಕೆ ಹೋಗು. ಆ ದಿನಗಳಲ್ಲಿ ಅರ್ಧ ದಿನವೋ ಮನೆಯಿಂದ ಕೆಲಸವೋ ಕೇಳಿಕೋ. ಉಳಿದ 16 ದಿನ ಡಿಸ್ಚಾರ್ಜ್ ದಿನದಿಂದ ಶುರುವಾಗಲಿ. ವಾರದ ರಜೆಗಳು ಸೇರಿದರೆ ಅದೇ ಮೂರು ವಾರ ಆಯಿತಲ್ವಾ?

ಒಂದು ಮಾತು, ನಿನ್ನ ಲೆಕ್ಕದಲ್ಲಿ ಕ್ಯಾಶುಯಲ್ ರಜೆಯೇ ಇಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ವರ್ಷಕ್ಕೆ 8 ದಿನ ಸಂಬಳಸಹಿತ ಕ್ಯಾಶುಯಲ್ ರಜೆ ಇದೆ. ಮೂರು ತಿಂಗಳಿಗೊಮ್ಮೆ ಜಮಾ ಆಗುತ್ತದೆ. ನಿನ್ನದು ಎಷ್ಟು ಉಳಿದಿದೆ ಅಂತ ಎಚ್‌ಆರ್ ಹತ್ತಿರ ಕೇಳು. ಅಪ್ಪನ ರಜೆಗೆ ಮಾತ್ರ ಖಾಸಗಿ ಕಂಪನಿಗಳ ಮೇಲೆ ಕಾನೂನಿನ ಒತ್ತಾಯ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ, ಅದನ್ನು ತೋರಿಸಿ ನೀನು ಜಗಳ ಆಡೋಕಾಗಲ್ಲ.

ಮ್ಯಾನೇಜರ್ ಕೇಳಿದ ಪ್ರಶ್ನೆಗೆ ಮೇಲ್‌ನಲ್ಲೇ ಉತ್ತರ ಕೊಡು, ಎಚ್‌ಆರ್‌ಗೂ ಪ್ರತಿ ಹಾಕು. 'ಮನೆಯಲ್ಲಿ ತೊಂದರೆ ಇದೆ' ಅಂತ ಸುಮ್ನೆ ಬರೆದರೆ ಅವರು ಎರಡು ದಿನ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಹೀಗೆ ಬರಿ: "ಹೆಂಡತಿ ಐಸಿಯುನಲ್ಲಿ, ಮಗು ಎನ್‌ಐಸಿಯುನಲ್ಲಿ. ಎರಡೂ ಕಡೆ ಸಹಿ ಮಾಡಬೇಕಾದವನು ನಾನೊಬ್ಬನೇ. ಇಂದಿನಿಂದ 7 ದಿನ ರಜೆ ಬೇಕು. ಡಿಸ್ಚಾರ್ಜ್ ದಿನಾಂಕ ಡಾಕ್ಟರ್ ಹೇಳಿದ ದಿನವೇ ತಿಳಿಸುತ್ತೇನೆ, ಅಲ್ಲಿಂದ 16 ದಿನ ಬೇಕು. ನನ್ನ ಕೆಲಸ ಇಂಥವರು ನೋಡುತ್ತಾರೆ, ದಿನಾ ಸಂಜೆ ಅರ್ಧ ಗಂಟೆ ಫೋನಿಗೆ ಸಿಗುತ್ತೇನೆ." ಜೊತೆಗೆ ಎರಡೂ ಕಡೆಯ ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸು.

ಹಾಂ, ಮಗು ಸ್ಥಿರ ಆದಮೇಲೆ ಕಾಂಗರೂ ಆರೈಕೆ ಬಗ್ಗೆ ನರ್ಸನ್ನು ಕೇಳು. ಅಂಗಿ ಬಿಚ್ಚಿ, ಡೈಪರ್ ಮತ್ತು ಟೋಪಿ ಹಾಕಿದ ಮಗುವನ್ನು ಎದೆಗೆ ಅಂಟಿಸಿಕೊಂಡು ಕೂರುವುದು. ತಾಯಿ ಏಳುವವರೆಗೆ ಅಪ್ಪನೇ ಅದನ್ನು ಮಾಡಬಹುದು.

ಕಂಪನಿ ಮೆಡಿಕ್ಲೇಮ್‌ನಲ್ಲಿ ಮಗುವಿನ ಹೆಸರು ಸೇರಿಸುವುದಕ್ಕೆ ಗಡುವು ಇರುತ್ತದೆ, ಎನ್‌ಐಸಿಯು ಬಿಲ್ ದಿನದಿನಕ್ಕೆ ಏರುತ್ತದೆ. ಅದನ್ನೂ ಇವತ್ತಿನ ಮೇಲ್‌ನಲ್ಲೇ ಎಚ್‌ಆರ್‌ಗೆ ಕೇಳಿಬಿಡು.